ಗೂಗಲ್‌ನಲ್ಲಿ ಅಂಗಡಿಯ ಪ್ರೊಫೈಲ್ ತುಂಬುವುದು ಹೇಗೆ: ಹೆಸರಿನಿಂದ ರಿವ್ಯೂ ಉತ್ತರದವರೆಗೆ, ಸರಿಯಾದ ಕ್ರಮದಲ್ಲಿ

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹಾಕಿದವರು ಸಾಮಾನ್ಯವಾಗಿ ಮೂರು ದೂರು ಹೇಳುತ್ತಾರೆ. "ಎಲ್ಲ ತುಂಬಿದ್ದೇನೆ, ಆದರೂ ಕಾಣಿಸ್ತಿಲ್ಲ." "ಕಾಣಿಸ್ತಿತ್ತು, ಹೆಸರು ಸ್ವಲ್ಪ ಬದಲಾಯಿಸಿದೆ, ಮಾಯವಾಯ್ತು." "ಕಾಣಿಸ್ತಿದೆ, ಆದರೆ ಬಾಗಿಲು ಹಾಕಿದ ಹೊತ್ತಿಗೆ ಜನ ಬಂದು ಒಂದು ಸ್ಟಾರ್ ಕೊಟ್ಟು ಹೋಗ್ತಾರೆ."

ಮೂರಕ್ಕೂ ಕಾರಣ ಹೆಚ್ಚಾಗಿ ಒಂದೇ. ವಿವರಣೆ ಬರೆಯಲು, ಫೋಟೋ ಆರಿಸಲು ಒಂದಿಡೀ ದಿನ ಕೊಡುತ್ತಾರೆ. ಹೆಸರು, ಕೆಟಗರಿ, ತೆರೆಯುವ ವೇಳೆ ಮಾತ್ರ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಇದು ತಿರುಗುಮುರುಗಾಗಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಕೆಡುತ್ತದೆ.

ಇಲ್ಲಿ ಹೇಳುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಬಗ್ಗೆ. 2021ರ ಕೊನೆಯವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್ ಅಂತಿತ್ತು. ಆ ಹೆಸರಿನ ಆ್ಯಪ್ ಈಗಿಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ಈಗ ಎಲ್ಲ ಕೆಲಸವನ್ನೂ ಗೂಗಲ್ ಸರ್ಚ್ ಅಥವಾ ಮ್ಯಾಪ್ ಒಳಗಿಂದಲೇ ಮಾಡಬೇಕು. ಅರ್ಥವಾಗಲಿ ಅಂತ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಇಬ್ಬರು ಕೆಲಸ ಮಾಡುವ ಸಣ್ಣ ಸೈಕಲ್ ರಿಪೇರಿ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ಮಂಗಳವಾರ ರಜೆ.

## ಶುರು ಮಾಡುವ ಮುಂಚೆ ಬೇಕಾದದ್ದು

ಒಂದು ಗೂಗಲ್ ಖಾತೆ ಬೇಕು. ಅದು ಮಾಲೀಕರದ್ದೇ ಆಗಿರಲಿ. ಕೆಲಸದ ಹುಡುಗನ ಖಾತೆಯಲ್ಲಿ, ಅಥವಾ "ನಾವೇ ಮಾಡಿಕೊಡ್ತೀವಿ" ಅನ್ನುವ ಏಜೆನ್ಸಿಯ ಖಾತೆಯಲ್ಲಿ ಪ್ರೊಫೈಲ್ ತೆರೆದರೆ, ನಾಳೆ ಅವರು ಬಿಟ್ಟು ಹೋದಾಗ ಕೀಲಿಕೈ ಅವರ ಜೊತೆಗೇ ಹೋಗುತ್ತದೆ. ಮಾಲೀಕರ ಖಾತೆಯಲ್ಲಿ ತೆರೆದು, ಸಹಾಯಕ್ಕೆ ಬೇಕಾದವರನ್ನು ಮ್ಯಾನೇಜರ್ ಆಗಿ ಸೇರಿಸಿ. ಮ್ಯಾನೇಜರ್ ಆದವರು ವೇಳೆ ತಿದ್ದಬಹುದು, ಫೋಟೋ ಹಾಕಬಹುದು, ರಿವ್ಯೂಗೆ ಉತ್ತರ ಬರೆಯಬಹುದು. ಪ್ರೊಫೈಲನ್ನು ತೆಗೆದುಹಾಕುವ ಅಧಿಕಾರ ಅವರಿಗಿರುವುದಿಲ್ಲ.

ಇನ್ನು ಬೇಕಾದದ್ದು ಒಂದು ಹಾಳೆ. ಬೋರ್ಡಿನ ಮೇಲೆ ಇರುವ ಹೆಸರನ್ನು ಅಕ್ಷರ ಬಿಡದೆ ಅದರಲ್ಲಿ ಬರೆಯಿರಿ. ವಿಳಾಸ, ಅಂಗಡಿಯ ಫೋನ್ ನಂಬರ್, ವಾರದ ಏಳು ದಿನದ ವೇಳೆ, ಮುಂದಿನ ಮೂರು ತಿಂಗಳಲ್ಲಿ ಬರುವ ರಜೆಗಳು, ನೀವು ಮಾಡುವ ಕೆಲಸಗಳು, ಮಾಡದ ಕೆಲಸಗಳು. ಕೊನೆಯದನ್ನು ಬಿಡಬೇಡಿ, ವಿವರಣೆ ಬರೆಯುವಾಗ ಬೇಕಾಗುತ್ತದೆ.

## ಹಂತ 1: ಪ್ರೊಫೈಲ್ ಈಗಾಗಲೇ ಇದೆಯಾ ನೋಡಿ

ಹೊಸದು ಸೇರಿಸುವ ಮುಂಚೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹುಡುಕಿ. ಫೋನ್ ನಂಬರ್ ಹಾಕಿಯೂ ಹುಡುಕಿ. ನಿಮ್ಮ ಜಾಗದ ಮೇಲೆ ಬೆರಳಿಟ್ಟು ಮ್ಯಾಪನ್ನು ದೊಡ್ಡದು ಮಾಡಿ, ಹಳೆಯ ಹೆಸರಿನ ಅಂಗಡಿ ಕೂತಿದೆಯಾ ನೋಡಿ. ಗಿರಾಕಿಗಳು ಯಾರೋ ಸೇರಿಸಿದ್ದು, ಗೂಗಲ್ ತಾನೇ ಎಲ್ಲಿಂದಲೋ ಎತ್ತಿ ಹಾಕಿದ್ದು, ಹೀಗೆ ಮಾಲೀಕರಿಗೆ ಗೊತ್ತಿಲ್ಲದೆ ಇರುವ ಪ್ರೊಫೈಲ್‌ಗಳು ಬಹಳ.

ಸಿಕ್ಕಿದರೆ ಅದರಲ್ಲಿ "Own this business?" ಅಥವಾ ಅದೇ ಅರ್ಥದ ಸಾಲು ಇರುತ್ತದೆ. ಅದನ್ನು ಒತ್ತಿ ಅದನ್ನೇ ನಿಮ್ಮದು ಮಾಡಿಕೊಳ್ಳಿ. ಅದರಲ್ಲಿ ಬಂದಿರುವ ಹಳೆಯ ರಿವ್ಯೂಗಳೂ ನಿಮಗೇ ಉಳಿಯುತ್ತವೆ. ಬೇರೆ ಯಾರೋ ಆಗಲೇ ತಮ್ಮ ಹೆಸರಿಗೆ ಮಾಡಿಕೊಂಡಿದ್ದರೆ ಪ್ರವೇಶ ಕೋರಿ ಅಲ್ಲಿಂದಲೇ ಮನವಿ ಕಳಿಸಬಹುದು. ಈಗಿನ ಮಾಲೀಕರಿಗೆ ಉತ್ತರಿಸಲು 3 ದಿನ ಇರುತ್ತದೆ. ಅವರು ಸುಮ್ಮನಿದ್ದರೆ ಪ್ರೊಫೈಲನ್ನು ನಿಮ್ಮದೆಂದು ಸಾಬೀತು ಮಾಡುವ ದಾರಿ ಕೆಲವೊಮ್ಮೆ ತೆರೆಯುತ್ತದೆ.

ಇದನ್ನೆಲ್ಲ ಬಿಟ್ಟು ಹೊಸದೊಂದು ಮಾಡಿದರೆ ಒಂದೇ ಜಾಗಕ್ಕೆ ಎರಡು ಪ್ರೊಫೈಲ್ ಆಗುತ್ತದೆ. ರಿವ್ಯೂ ಒಂದರಲ್ಲಿ, ಸರಿಯಾದ ವೇಳೆ ಇನ್ನೊಂದರಲ್ಲಿ. "ತುಂಬಿದ್ದೇನೆ, ಕಾಣಿಸ್ತಿಲ್ಲ" ಅನ್ನುವ ದೂರಿನಲ್ಲಿ ಎಷ್ಟೋ ಸಲ ಒಳಗಿರುವುದು ಇದೇ: ನೀವು ತುಂಬಿದ್ದು ಎರಡನೆಯದನ್ನು, ಜನರಿಗೆ ಕಾಣುತ್ತಿರುವುದು ಮೊದಲನೆಯದು.

## ಹಂತ 2: ಹೆಸರು, ಕೆಟಗರಿ, ಪಿನ್

ಹೆಸರಿನ ವಿಷಯದಲ್ಲಿ ನಿಯಮ ಸರಳ. ಬೋರ್ಡಿನಲ್ಲಿ ಏನಿದೆಯೋ ಅದೇ. ಬೋರ್ಡಿನಲ್ಲಿ ಬರೀ "ಗೆಳೆಯ ಸೈಕಲ್ಸ್" ಅಂತಿದ್ದರೆ, ಪ್ರೊಫೈಲಿನಲ್ಲಿ "ಗೆಳೆಯ ಸೈಕಲ್ಸ್ ಬೆಸ್ಟ್ ಸೈಕಲ್ ರಿಪೇರಿ ಪಂಕ್ಚರ್ ಹೋಮ್ ಸರ್ವಿಸ್" ಅಂತ ಹಾಕುವಂತಿಲ್ಲ. ಪಕ್ಕದವರು ಹಾಗೆ ಮಾಡಿ ಮೇಲೆ ಬರುತ್ತಿರುವುದು ನಿಮ್ಮ ಕಣ್ಣಿಗೆ ಬೀಳಬಹುದು. ಆದರೂ ಬೇಡ. ಹೆಸರಿಗೆ ಹೀಗೆ ಬಾಲ ಕಟ್ಟುವುದು ನೇರವಾಗಿ ನಿಯಮ ಮುರಿದಂತೆ. ಯಾರಾದರೂ ವರದಿ ಮಾಡಿದರೆ ಹೆಸರು ಕತ್ತರಿಸಲ್ಪಡುತ್ತದೆ, ಇಲ್ಲವೇ ಪ್ರೊಫೈಲೇ ಅಮಾನತಾಗುತ್ತದೆ. ಅಮಾನತಾದದ್ದನ್ನು ವಾಪಸ್ ಪಡೆಯಲು ಬೋರ್ಡಿನ ಫೋಟೋ, ದಾಖಲೆ ಎಲ್ಲ ಕೊಟ್ಟು ಮೇಲ್ಮನವಿ ಹಾಕಿ ಕಾಯಬೇಕು.

ಹುಡುಕಾಟದಲ್ಲಿ ಸಿಗಬೇಕು ಅಂತಲೇ ಹೆಸರಿಗೆ ಬಾಲ ಕಟ್ಟುತ್ತಾರೆ, ಅಲ್ವಾ? ಆ ಕೆಲಸಕ್ಕೆ ಇರುವುದು ಕೆಟಗರಿ. ಒಂದು ಮುಖ್ಯ ಕೆಟಗರಿ, ಅದರ ಜೊತೆ 9ರವರೆಗೆ ಹೆಚ್ಚುವರಿ ಕೆಟಗರಿ ಆರಿಸಬಹುದು. ಗೂಗಲ್ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ನಾವು ಹೊಸದು ಬರೆಯುವಂತಿಲ್ಲ. ಮುಖ್ಯ ಕೆಟಗರಿಯನ್ನು ಆದಷ್ಟು ನಿಖರವಾಗಿ ಆರಿಸಿ. ನಮ್ಮ ಉದಾಹರಣೆಯ ಅಂಗಡಿಗೆ ಸೈಕಲ್ ರಿಪೇರಿ ಮುಖ್ಯ. ಒಂದಷ್ಟು ಟೈರು, ಬ್ರೇಕ್ ಕೇಬಲ್ ಮಾರುತ್ತಾರೆ ಅಂತ "ಸೈಕಲ್ ಅಂಗಡಿ" ಅನ್ನುವುದನ್ನು ಮುಖ್ಯ ಮಾಡಿದರೆ, ಹೊಸ ಸೈಕಲ್ ಕೊಳ್ಳಲು ಬಂದವರು ನಿರಾಶೆಯಿಂದ ಹೋಗುತ್ತಾರೆ. ಒಂಬತ್ತೂ ಖಾನೆ ತುಂಬಲೇಬೇಕು ಅಂತೇನಿಲ್ಲ. ಎರಡು ಮೂರು ಸಾಕು.

ಪಿನ್ ಅಂದರೆ ಮ್ಯಾಪ್ ಮೇಲಿನ ಗುರುತು. ವಿಳಾಸ ಟೈಪ್ ಮಾಡಿದರೆ ಅದು ತಾನೇ ಒಂದು ಕಡೆ ಕೂರುತ್ತದೆ, ಸರಿಯಾದ ಕಡೆಯೇ ಕೂತಿದೆ ಅಂತ ನಂಬಬೇಡಿ. ಉಪಗ್ರಹ ಚಿತ್ರಕ್ಕೆ ಬದಲಾಯಿಸಿ, ನಿಮ್ಮ ಕಟ್ಟಡದ ಸೂರಿನ ಮೇಲೆ ಎಳೆದು ಕೂರಿಸಿ. ಪಿನ್ ಹಿಂದಿನ ಬೀದಿಯಲ್ಲಿದ್ದರೆ ಮ್ಯಾಪ್ ಗಿರಾಕಿಯನ್ನು ಹಿಂದಿನ ಗೋಡೆಗೆ ತಂದು ನಿಲ್ಲಿಸುತ್ತದೆ.

ಗಿರಾಕಿ ನಿಮ್ಮಲ್ಲಿಗೆ ಬರುವುದೇ ಇಲ್ಲ, ನೀವೇ ಅವರ ಮನೆಗೆ ಹೋಗಿ ಕೆಲಸ ಮಾಡುತ್ತೀರಿ ಅಂದರೆ ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ತುಂಬಿ. 20 ಪ್ರದೇಶದವರೆಗೆ ಹಾಕಬಹುದು.

## ಹಂತ 3: ವೆರಿಫಿಕೇಶನ್

ಇದು ಆಗುವವರೆಗೆ ನೀವು ತುಂಬಿದ್ದು ಜನರಿಗೆ ಕಾಣುವುದಿಲ್ಲ. ಫೋನ್, ಸಂದೇಶ, ಇಮೇಲ್, ವಿಡಿಯೋ, ಅಂಚೆ, ಹೀಗೆ ದಾರಿ ಹಲವು. ಆದರೆ ಯಾವುದು ಸಿಗಬೇಕು ಅನ್ನುವುದನ್ನು ಗೂಗಲ್ ತೀರ್ಮಾನಿಸುತ್ತದೆ, ನಾವಲ್ಲ.

ಜನ ಜಾಸ್ತಿ ಎಡವುವುದು ವಿಡಿಯೋದಲ್ಲಿ. ಕನಿಷ್ಠ 30 ಸೆಕೆಂಡ್ ಇರಬೇಕು, ನಡುವೆ ಕತ್ತರಿಸಿರಬಾರದು. ಮೂರು ವಿಷಯ ಅದರಲ್ಲಿ ಕಾಣಬೇಕು: ಅಂಗಡಿ ಇರುವ ಜಾಗ, ಅಂಗಡಿ ನಿಜವಾಗಿ ನಡೆಯುತ್ತಿದೆ ಅನ್ನುವುದು, ಅದನ್ನು ನಡೆಸುವವರು ನೀವೇ ಅನ್ನುವುದು. ಸೈಕಲ್ ಅಂಗಡಿಯವರು ಹೀಗೆ ಮಾಡಬಹುದು. ರಸ್ತೆಯ ಹೆಸರಿನ ಫಲಕದಿಂದ ರೆಕಾರ್ಡಿಂಗ್ ಶುರು. ಪಕ್ಕದ ಕಟ್ಟಡಗಳನ್ನು ತೋರಿಸುತ್ತಾ ನಡೆದು ಬಂದು ಬೋರ್ಡಿನ ಮುಂದೆ ಮೂರು ಸೆಕೆಂಡ್ ನಿಲ್ಲಿ. ಕೀಲಿ ಹಾಕಿ ಬಾಗಿಲು ತೆರೆಯಿರಿ. ಒಳಗೆ ರಿಪೇರಿ ಸ್ಟ್ಯಾಂಡ್, ಪಾನಾ, ಪಂಪು, ನೇತುಹಾಕಿದ ಟೈರು ತೋರಿಸಿ. ಕೊನೆಗೆ ಗಲ್ಲಾಪೆಟ್ಟಿಗೆ ತೆರೆಯಿರಿ, ಅಥವಾ ಗಿರಾಕಿಗಳು ಹೋಗದ ಸ್ಟೋರ್ ಕೋಣೆ ತೋರಿಸಿ. ನಿಮ್ಮ ಮುಖ ಬರಬೇಕಾಗಿಲ್ಲ. ಬೇರೆಯವರ ಮುಖ, ಬ್ಯಾಂಕ್ ವಿವರ, ಗುರುತಿನ ಚೀಟಿ ಯಾವುದೂ ಬರಬಾರದು.

ತಿರಸ್ಕೃತವಾಗುವ ವಿಡಿಯೋಗಳು ಬಹುಪಾಲು ಒಳಗಿನಿಂದಲೇ ಶುರುವಾಗಿರುತ್ತವೆ. ಬೀದಿ ಕಾಣದಿದ್ದರೆ ಅದು ಯಾವ ಊರಿನ ಯಾವ ಅಂಗಡಿ ಅಂತ ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಅಂಚೆಯಲ್ಲಿ ಕಾರ್ಡ್ ಬರುವುದಾದರೆ, ಅದು ಬರುವವರೆಗೆ ಹೆಸರು, ವಿಳಾಸ, ಕೆಟಗರಿ ಮುಟ್ಟಬೇಡಿ. ಬದಲಿಸಿದರೆ ಬರುವ ಕೋಡ್ ಕೆಲಸಕ್ಕೆ ಬಾರದೆ ಹೋಗಬಹುದು. ಕೋಡ್ 30 ದಿನ ಮಾತ್ರ ನಡೆಯುತ್ತದೆ.

ಎಚ್ಚರಿಕೆ ಒಂದು. ಈ ಸಮಯದಲ್ಲೇ "ಗೂಗಲ್‌ನಿಂದ ಮಾತಾಡ್ತಿದ್ದೀವಿ" ಅನ್ನುವ ಕರೆಗಳು ಬರುವುದು. ತೆರೆಯುವ ವೇಳೆ ಖಚಿತಪಡಿಸಿಕೊಳ್ಳಲು ಗೂಗಲ್‌ನಿಂದ ಸ್ವಯಂಚಾಲಿತ ಕರೆ ಬರುವುದು ನಿಜ. ಆದರೆ ಹಣ ಕೇಳಿದರೆ, ವೆರಿಫಿಕೇಶನ್ ಕೋಡ್ ಓದಿ ಹೇಳಿ ಅಂದರೆ, ಮೊದಲ ಸ್ಥಾನಕ್ಕೆ ತರುತ್ತೇವೆ ಅಂದರೆ, ಅದು ಮೋಸ. ಪ್ರೊಫೈಲ್ ಪೂರ್ತಿ ಉಚಿತ. ಕೋಡ್ ಹೇಳಿದರೆ ಪ್ರೊಫೈಲ್ ಅವರ ಪಾಲಾಗಬಹುದು.

## ಹಂತ 4: ತೆರೆಯುವ ವೇಳೆ

ನನ್ನ ಪ್ರಕಾರ ಇಡೀ ಪ್ರೊಫೈಲಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ ಖಾನೆ ಇದು. ವಿವರಣೆ ಕೆಟ್ಟದಾಗಿದ್ದರೆ ಜನ ಓದದೆ ಮುಂದೆ ಹೋಗುತ್ತಾರೆ ಅಷ್ಟೆ. ವೇಳೆ ತಪ್ಪಿದ್ದರೆ ಮನೆಯಿಂದ ಹೊರಟು, ಬಂದು, ಮುಚ್ಚಿದ ಬಾಗಿಲು ನೋಡಿ ಹೋಗುತ್ತಾರೆ. ಆ ಸಿಟ್ಟು ನೇರ ರಿವ್ಯೂಗೆ ಇಳಿಯುತ್ತದೆ.

ವಾರದ ವೇಳೆ. ಪ್ರೊಫೈಲ್ ತೆರೆದು "Edit profile" ಒತ್ತಿ, ವೇಳೆಯ ಭಾಗಕ್ಕೆ ಹೋಗಿ. ದಿನದಿನಕ್ಕೂ ಬೇರೆ ಬೇರೆ ತುಂಬಬೇಕು. ನಮ್ಮ ಸೈಕಲ್ ಅಂಗಡಿ ಬೆಳಿಗ್ಗೆ 9:30ಕ್ಕೆ ತೆರೆದು 1:30ಕ್ಕೆ ಮುಚ್ಚುತ್ತದೆ, ಮತ್ತೆ 3ರಿಂದ 8. ಇದನ್ನು "9:30ರಿಂದ 8" ಅಂತ ಒಂದೇ ಸಾಲಿನಲ್ಲಿ ಹಾಕಿದರೆ ತಪ್ಪು. ಒಂದೇ ದಿನಕ್ಕೆ ಎರಡನೇ ಸಾಲು ಸೇರಿಸುವ ಅವಕಾಶ ಇದೆ. ಮೊದಲ ಸಾಲು 9:30ರಿಂದ 1:30, ಎರಡನೇ ಸಾಲು 3ರಿಂದ 8. ಮಂಗಳವಾರ ಖಾಲಿ ಬಿಡಬೇಡಿ, "ಮುಚ್ಚಿದೆ" ಅಂತ ಗುರುತು ಹಾಕಿ.

ಹಾಕುವ ವೇಳೆ ಗಿರಾಕಿ ಒಳಗೆ ಬಂದು ಕೆಲಸ ಮಾಡಿಸಿಕೊಳ್ಳಬಹುದಾದ ವೇಳೆ ಆಗಿರಬೇಕು. ಫೋನ್ ಯಾವಾಗ ಬೇಕಾದರೂ ಎತ್ತುತ್ತೇವೆ ಅಂತ 24 ಗಂಟೆ ಅಂತ ಹಾಕುವವರಿದ್ದಾರೆ. ರಾತ್ರಿ ಎರಡಕ್ಕೆ ಒಬ್ಬರು ಪಂಕ್ಚರ್ ಸೈಕಲ್ ತಳ್ಳಿಕೊಂಡು ಬಂದರೆ ಏನು ಮಾಡ್ತೀರಿ? ಹಾಗೆಯೇ, 8ಕ್ಕೆ ಬಾಗಿಲು ಹಾಕಿದರೂ 7:30ರ ನಂತರ ರಿಪೇರಿಗೆ ಸೈಕಲ್ ತೆಗೆದುಕೊಳ್ಳುವುದಿಲ್ಲ ಅಂದರೆ ಅದನ್ನೂ ಎಲ್ಲಾದರೂ ಹೇಳಿರಬೇಕು. ಅದಕ್ಕೆ ವಿವರಣೆಯಲ್ಲಿ ಒಂದು ಸಾಲು ಸಾಕು.

ಬೆಳಿಗ್ಗೆ, ಸಂಜೆಯ ಎಎಂ ಪಿಎಂ ಗಲಿಬಿಲಿಯೂ ಇಲ್ಲೇ ಆಗುವುದು. ಮಧ್ಯಾಹ್ನ 12:30 ಅಂದರೆ ಪಿಎಂ. ಎಎಂ ಹಾಕಿದರೆ ಅದು ನಡುರಾತ್ರಿ. ಮಧ್ಯರಾತ್ರಿ ದಾಟಿ ನಡೆಯುವ ವ್ಯಾಪಾರ ಆಗಿದ್ದರೆ ಎರಡು ದಿನಕ್ಕೆ ಒಡೆಯಬೇಡಿ. ಶನಿವಾರದ ಸಾಲಿನಲ್ಲೇ ಸಂಜೆ 6ರಿಂದ ಬೆಳಗಿನ ಜಾವ 1 ಅಂತ ಹಾಕಿ, ಅದು ಸರಿಯಾಗಿ ತಿಳಿದುಕೊಳ್ಳುತ್ತದೆ.

ರಜೆ ದಿನದ ವೇಳೆ. ರಜೆ ಬಂದಾಗ ವಾರದ ವೇಳೆಯನ್ನೇ ತಿದ್ದಿ, ಮರುದಿನ ವಾಪಸ್ ಹಾಕುತ್ತೇನೆ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ವಾಪಸ್ ಹಾಕುವುದು ಮರೆತೇಹೋಗುತ್ತದೆ. ಒಂದು ನಿರ್ದಿಷ್ಟ ತಾರೀಕಿಗೆ ಮಾತ್ರ ಬೇರೆ ವೇಳೆ ಹಾಕುವ ಪ್ರತ್ಯೇಕ ಜಾಗ ಅಲ್ಲೇ ಕೆಳಗಿದೆ. ಹಾಳೆಯಲ್ಲಿ ಬರೆದುಕೊಂಡ ಮೂರು ತಿಂಗಳ ರಜೆಗಳನ್ನು ಒಂದೇ ಸಲ ಅಲ್ಲಿ ಹಾಕಿಬಿಡಿ. ತಾರೀಕು ಕಳೆದ ಮೇಲೆ ವಾರದ ವೇಳೆ ತಾನಾಗಿ ವಾಪಸ್ ಬರುತ್ತದೆ.

ಸಾರ್ವಜನಿಕ ರಜೆಯ ದಿನ ನೀವು ಎಂದಿನಂತೆ ತೆರೆದಿರುತ್ತೀರಾ? ಆಗಲೂ ಆ ತಾರೀಕಿಗೆ ಎಂದಿನ ವೇಳೆಯನ್ನೇ ಇನ್ನೊಮ್ಮೆ ಹಾಕಿ ಖಚಿತಪಡಿಸಿ. ಇಲ್ಲದಿದ್ದರೆ ಆ ದಿನ ನಿಮ್ಮ ಪ್ರೊಫೈಲಿನಲ್ಲಿ "ವೇಳೆ ಬೇರೆಯಾಗಿರಬಹುದು" ಅನ್ನುವ ಅರ್ಥದ ಟಿಪ್ಪಣಿ ಬರುತ್ತದೆ. ಅದನ್ನು ನೋಡಿದ ಗಿರಾಕಿ, ಖಚಿತ ಮಾಡಿದ ಇನ್ನೊಂದು ಅಂಗಡಿಗೆ ಹೋಗುತ್ತಾನೆ.

ದೀರ್ಘ ರಜೆ. 6 ದಿನದವರೆಗಿನ ರಜೆಗೆ ತಾರೀಕಿನ ವೇಳೆ ಸಾಕು. 7 ದಿನ ಅಥವಾ ಅದಕ್ಕಿಂತ ಜಾಸ್ತಿ ಮುಚ್ಚುವುದಾದರೆ "Temporarily closed" ಆರಿಸಿ. ಪಕ್ಕದಲ್ಲೇ ಶಾಶ್ವತವಾಗಿ ಮುಚ್ಚಿದೆ ಅನ್ನುವ ಆಯ್ಕೆಯೂ ಇರುತ್ತದೆ. ಅವಸರದಲ್ಲಿ ಬೆರಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಮತ್ತೆ ತೆರೆದ ದಿನ "ತೆರೆದಿದೆ" ಅಂತ ನೀವೇ ಬದಲಿಸಬೇಕು, ಅದು ತಾನಾಗಿ ಆಗುವುದಿಲ್ಲ.

## ಹಂತ 5: ವಿವರಣೆ

ಜಾಗ 750 ಅಕ್ಷರ. ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಿ: ನಾವು ಒಂದೇ ಅಕ್ಷರ ಅಂತ ಓದುವ "ಸ್ತ್ರೀ" ಕಂಪ್ಯೂಟರಿನ ಲೆಕ್ಕದಲ್ಲಿ ಒಂದಲ್ಲ. ಒತ್ತು, ಗುಣಿತದ ಗುರುತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹಾಗಾಗಿ ಜಾಗ ನೀವಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ. ಜೊತೆಗೆ, ಮೊಬೈಲಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ನೇರವಾಗಿ ಕಾಣುವುದು. ಉಳಿದದ್ದು ಒತ್ತಿದರೆ ತೆರೆಯುತ್ತದೆ.

ಏನು ಹಾಕಬಾರದು ಅನ್ನುವುದು ಸ್ಪಷ್ಟ. ವೆಬ್ ಲಿಂಕ್ ಬೇಡ. ರಿಯಾಯಿತಿ, ಬೆಲೆ, "ಈ ವಾರ ಮಾತ್ರ" ಬೇಡ. ಇವಿದ್ದರೆ ವಿವರಣೆ ತಿರಸ್ಕೃತವಾಗುತ್ತದೆ. ಫೋನ್ ನಂಬರಿಗೆ ಬೇರೆ ಖಾನೆ ಇದೆ, ಇಲ್ಲಿ ಮತ್ತೆ ಬರೆದು ಜಾಗ ಹಾಳು ಮಾಡಬೇಡಿ.

ಸಾಮಾನ್ಯವಾಗಿ ಬರೆಯುವುದು ಹೀಗಿರುತ್ತದೆ:

> ಗೆಳೆಯ ಸೈಕಲ್ಸ್‌ಗೆ ಸುಸ್ವಾಗತ. ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ. ಅತ್ಯುತ್ತಮ ಗುಣಮಟ್ಟದ ಸೇವೆಯನ್ನು ಅತ್ಯಂತ ವಿಶ್ವಾಸಾರ್ಹವಾಗಿ ನೀಡುತ್ತೇವೆ. ಒಮ್ಮೆ ಭೇಟಿ ಕೊಡಿ.

ಇದರಲ್ಲಿ "ಸೈಕಲ್ಸ್" ಅನ್ನುವುದನ್ನು ತೆಗೆದು "ಜ್ಯುವೆಲ್ಲರ್ಸ್" ಅಂತ ಹಾಕಿ ನೋಡಿ. ಆಗಲೂ ಸರಿಹೋಗುತ್ತದೆ! ಗಿರಾಕಿಗೆ ಇದರಿಂದ ಒಂದು ವಿಷಯವೂ ತಿಳಿಯಲಿಲ್ಲ. ಈಗ ಹಾಳೆಯಲ್ಲಿರುವ "ಮಾಡುವ ಕೆಲಸ, ಮಾಡದ ಕೆಲಸ" ನೋಡಿಕೊಂಡು ಬರೆಯಿರಿ:

> ಎಲ್ಲ ಬಗೆಯ ಸೈಕಲ್ ರಿಪೇರಿ: ಪಂಕ್ಚರ್, ಬ್ರೇಕ್, ಗೇರ್, ಚೈನ್, ಚಕ್ರದ ವಾಲು ತೆಗೆಯುವುದು. ಪಂಕ್ಚರ್ ಮತ್ತು ಬ್ರೇಕ್ ಕೆಲಸ ಕಾಯುತ್ತಿರುವಾಗಲೇ ಮಾಡಿಕೊಡುತ್ತೇವೆ. ಗೇರ್ ಕೆಲಸಕ್ಕೆ ಸೈಕಲ್ ಒಂದು ದಿನ ಬಿಡಬೇಕು. ಸಂಜೆ 7:30ರ ನಂತರ ರಿಪೇರಿಗೆ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಸೈಕಲ್ಲಿನ ಮೋಟಾರ್ ಕೆಲಸ ಮಾಡುವುದಿಲ್ಲ, ಅದರ ಟೈರು ಮತ್ತು ಬ್ರೇಕ್ ಮಾಡುತ್ತೇವೆ. ಅಂಗಡಿಗೆ ಮೆಟ್ಟಿಲಿಲ್ಲ, ಸೈಕಲ್ ನೇರ ಒಳಗೆ ತರಬಹುದು.

ಎರಡನೆಯದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೆ ಓದಿದವನಿಗೆ ಇವತ್ತು ಹೋಗಬೇಕಾ ನಾಳೆ ಹೋಗಬೇಕಾ, ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಾಗುತ್ತದೆ. ಮಾಡದ ಕೆಲಸವನ್ನು ಹೇಳಿದ್ದರಿಂದ ಒಂದಷ್ಟು ಸುಮ್ನೆ ಬರುವ ಫೋನ್ ಕರೆಯೂ ಕಡಿಮೆಯಾಗುತ್ತದೆ. ಮುಖ್ಯ ಕೆಲಸ ಮೊದಲ ಸಾಲಿನಲ್ಲೇ ಬಂದಿದೆ ನೋಡಿ. ಮೊಬೈಲಿನಲ್ಲಿ ಕಾಣುವುದು ಅದೇ.

## ಹಂತ 6: ಫೋಟೋ

ಗೂಗಲ್ ಕೇಳುವುದು ಜೆಪಿಜಿ ಅಥವಾ ಪಿಎನ್‌ಜಿ, 10 ಕೆಬಿಯಿಂದ 5 ಎಂಬಿ ಒಳಗೆ, ಅಗಲ ಎತ್ತರ 720 ಪಿಕ್ಸೆಲ್ ಇದ್ದರೆ ಒಳ್ಳೆಯದು. ಈಗಿನ ಫೋನ್‌ಗಳ ಫೋಟೋ ಕೆಲವೊಮ್ಮೆ 5 ಎಂಬಿ ದಾಟುತ್ತದೆ. ಹಾಕಿದ್ದು ಸೇರದಿದ್ದರೆ ಮೊದಲು ಅದನ್ನೇ ನೋಡಿ.

ಮೊದಲ ಫೋಟೋ ಹೊರಗಿನದು. ಅಂಗಡಿಯ ಎದುರು ನಿಂತು ತೆಗೆದದ್ದು ಒಂದು ಸಾಕಾಗುವುದಿಲ್ಲ. ಗಿರಾಕಿ ರಸ್ತೆಯ ಎಡದಿಂದ ಬರಬಹುದು, ಬಲದಿಂದ ಬರಬಹುದು. ಎರಡೂ ಕಡೆಯಿಂದ, ಸುಮಾರು ಇಪ್ಪತ್ತು ಮೂವತ್ತು ಹೆಜ್ಜೆ ದೂರ ನಿಂತು, ಪಕ್ಕದ ಕಟ್ಟಡವೂ ಬರುವಂತೆ ತೆಗೆಯಿರಿ. ಹುಡುಕಿಕೊಂಡು ಬರುವವನ ಕಣ್ಣಿಗೆ ಮೊದಲು ಬೀಳುವುದು ಆ ನೋಟವೇ. ಬೋರ್ಡಿನ ಮೇಲೆ ನೇರ ಬಿಸಿಲಿದ್ದರೆ ಅಕ್ಷರ ಬಿಳಚಿಕೊಂಡು ಓದಲು ಬರುವುದಿಲ್ಲ. ಬಿಸಿಲು ಬೇರೆ ಕಡೆ ಸರಿದ ಹೊತ್ತಿಗೆ ತೆಗೆಯಿರಿ. ಸಂಜೆ ಬೋರ್ಡಿನ ದೀಪ ಹತ್ತಿದ ಮೇಲೆ ಒಂದು ತೆಗೆದರೆ ಇನ್ನೂ ಒಳ್ಳೆಯದು.

ಆಮೇಲೆ ಒಳಗಿನದು ಎರಡು, ಕೆಲಸ ನಡೆಯುತ್ತಿರುವುದು ಎರಡು ಮೂರು. ಸ್ಟ್ಯಾಂಡಿಗೆ ಹಾಕಿದ ಸೈಕಲ್, ಗೇರ್ ಬಿಚ್ಚುತ್ತಿರುವ ಕೈ, ಜೋಡಿಸಿಟ್ಟ ಪಾನಾಗಳು. ಇಂಟರ್ನೆಟ್ಟಿನಿಂದ ಇಳಿಸಿದ ಹೊಳೆಯುವ ಸೈಕಲ್ ಚಿತ್ರ ಬೇಡ. ಫೋಟೋ ಮೇಲೆ ನಂಬರ್, ಜಾಹೀರಾತಿನ ಸಾಲು ಬರೆದದ್ದೂ ಬೇಡ. ಗಾಢ ಫಿಲ್ಟರ್ ಬೇಡ. ಗಿರಾಕಿಗಳ ಮುಖ ಕಾಣುವುದಾದರೆ ಅವರ ಒಪ್ಪಿಗೆ ಕೇಳಿ.

ಕವರ್ ಫೋಟೋ ನೀವು ಆರಿಸಬಹುದು, ಆದರೆ ಅದೇ ಮೊದಲು ಕಾಣುತ್ತದೆ ಅನ್ನುವ ಖಾತ್ರಿ ಇಲ್ಲ. ಗೂಗಲ್ ಬೇರೊಂದನ್ನು ಮುಂದೆ ತರಬಹುದು, ಗಿರಾಕಿ ಹಾಕಿದ್ದನ್ನೂ ತರಬಹುದು. ಗಿರಾಕಿ ಹಾಕಿದ ಫೋಟೋವನ್ನು ನೀವು ಅಳಿಸುವಂತಿಲ್ಲ. ನಿಯಮ ಮುರಿದಿದ್ದರೆ, ಉದಾಹರಣೆಗೆ ಬೇರೆ ಅಂಗಡಿಯದಾಗಿದ್ದರೆ, ವರದಿ ಮಾಡಬಹುದು ಅಷ್ಟೆ.

ವಿಡಿಯೋ ಹಾಕುವುದಾದರೆ 30 ಸೆಕೆಂಡ್ ಒಳಗೆ, 75 ಎಂಬಿ ಒಳಗೆ.

## ಹಂತ 7: ರಿವ್ಯೂಗಳಿಗೆ ಉತ್ತರ

ರಿವ್ಯೂ ಬಂದ್ ಮಾಡುವ ಆಯ್ಕೆ ಮಾಲೀಕರಿಗೆ ಇಲ್ಲ. ಹುಡುಕಬೇಡಿ. ವೆರಿಫಿಕೇಶನ್ ಆದ ಮೇಲೆ ಉತ್ತರ ಬರೆಯುವ ಹಕ್ಕು ಮಾತ್ರ ಸಿಗುತ್ತದೆ. ಉತ್ತರ ಅಂಗಡಿಯ ಹೆಸರಿನಲ್ಲಿ ಎಲ್ಲರಿಗೂ ಕಾಣುತ್ತದೆ, ಬರೆದವರಿಗೆ ಸೂಚನೆ ಹೋಗುತ್ತದೆ. ಅವರು ಬೇಕಿದ್ದರೆ ಆಮೇಲೆ ತಮ್ಮ ರಿವ್ಯೂ ತಿದ್ದಬಹುದು. ನೀವೂ ನಿಮ್ಮ ಉತ್ತರ ತಿದ್ದಬಹುದು.

ಒಂದು ರಿವ್ಯೂ ಹೀಗೆ ಬಂದಿದೆ ಅಂದುಕೊಳ್ಳಿ:

> ★ ಮಧ್ಯಾಹ್ನ 2 ಗಂಟೆಗೆ ಹೋದೆ, ಮ್ಯಾಪ್‌ನಲ್ಲಿ ಓಪನ್ ಅಂತಿತ್ತು, ಬಾಗಿಲು ಹಾಕಿತ್ತು. ಫೋನ್ ಎತ್ತಲಿಲ್ಲ. ಮರುದಿನ ಹೋದರೆ ಗೇರ್‌ಗೆ ಒಂದು ದಿನ ಅಂದ್ರು, ಮೂರು ದಿನ ಆಯ್ತು. ವೇಸ್ಟ್.

ಓದಿದ ಕೂಡಲೇ ಬರೆಯಬೇಕು ಅನಿಸುವ ಉತ್ತರ ಇದು:

> ನಮ್ಮ ಅಂಗಡಿ ಎಲ್ಲರಿಗೂ ಗೊತ್ತು, ಮಧ್ಯಾಹ್ನ ಊಟಕ್ಕೆ ಮುಚ್ಚುತ್ತೇವೆ. ನೀವು ಸೈಕಲ್ಲನ್ನು ಮೊದಲೇ ಹಾಳು ಮಾಡಿಕೊಂಡು ತಂದಿದ್ದಿರಿ. ಇಂಥ ಸುಳ್ಳು ರಿವ್ಯೂ ಹಾಕಬೇಡಿ.

ಇದನ್ನು ಬರೆದವನಿಗಿಂತ ಜಾಸ್ತಿ ಓದುವವರು ಬೇರೆಯವರು. ಇನ್ನೂ ನಿಮ್ಮ ಅಂಗಡಿಗೆ ಬಾರದವರು. ಅವರು ಇಲ್ಲಿ ನೋಡುವುದು ಒಂದೇ: ನನಗೆ ತೊಂದರೆಯಾದರೆ ಇವರು ಹೇಗೆ ಮಾತಾಡುತ್ತಾರೆ? ಆದ್ದರಿಂದ ಉತ್ತರ ಬರೆಯುವ ಮುಂಚೆ ಎರಡು ಕೆಲಸ ಮಾಡಿ. ಪ್ರೊಫೈಲ್ ತೆರೆದು ವೇಳೆ ನಿಜವಾಗಿ ತಪ್ಪಾಗಿತ್ತಾ ನೋಡಿ. ಅಂಗಡಿಯ ಪುಸ್ತಕ ತೆರೆದು ಆ ಗೇರ್ ಕೆಲಸಕ್ಕೆ ಯಾಕೆ ತಡವಾಯಿತು ನೋಡಿ. ನಮ್ಮ ಉದಾಹರಣೆಯಲ್ಲಿ ಎರಡೂ ದೂರು ನಿಜ. ಮಧ್ಯಾಹ್ನದ ಬಿಡುವನ್ನು ಪ್ರೊಫೈಲಿನಲ್ಲಿ ಹಾಕಿರಲಿಲ್ಲ. ಒಂದು ಬಿಡಿಭಾಗ ಬರುವುದು ತಡವಾಗಿತ್ತು, ಗಿರಾಕಿಗೆ ಹೇಳಿರಲಿಲ್ಲ. ಮೊದಲು ವೇಳೆ ತಿದ್ದಿ. ಆಮೇಲೆ ಉತ್ತರ:

> ನಮಸ್ಕಾರ. ನೀವು ಹೇಳಿದ್ದು ಸರಿ. ಮಧ್ಯಾಹ್ನ 1:30ರಿಂದ 3ರವರೆಗೆ ಅಂಗಡಿ ಮುಚ್ಚಿರುತ್ತದೆ, ಅದನ್ನು ಇಲ್ಲಿ ಹಾಕಿರಲಿಲ್ಲ. ಇವತ್ತು ತಿದ್ದಿದ್ದೇವೆ. ಗೇರ್ ಕೆಲಸಕ್ಕೆ ಬೇಕಾದ ಭಾಗ ಬರುವುದು ತಡವಾಯಿತು, ಅದನ್ನು ನಿಮಗೆ ಫೋನ್ ಮಾಡಿ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. ಗೇರ್ ಈಗ ಸರಿಯಾಗಿ ಬೀಳುತ್ತಿಲ್ಲ ಅಂದರೆ ಸೈಕಲ್ ತನ್ನಿ, ನೋಡಿಕೊಡುತ್ತೇವೆ.

ಚಿಕ್ಕದು, ನೇರ. ಏನು ತಪ್ಪಾಯಿತು, ಏನು ತಿದ್ದಿದೆವು, ಮುಂದೆ ಏನು ಮಾಡಬಹುದು, ಮೂರೂ ಇದೆ. ಗಿರಾಕಿಯ ಹೆಸರು, ಫೋನ್ ನಂಬರ್, ಬಿಲ್ಲಿನ ಮೊತ್ತ ಇಲ್ಲ. ನಿಮ್ಮ ಹತ್ತಿರ ಆ ವಿವರ ಇದ್ದರೂ ಎಲ್ಲರೆದುರು ಬಿಚ್ಚಬಾರದು. ಉತ್ತರವೂ ನಿಯಮಕ್ಕೆ ಒಳಪಟ್ಟದ್ದು. ಹಾಕಿದ ಕೂಡಲೇ ಕಾಣದೆ, ಪರಿಶೀಲನೆಗೆ ಸ್ವಲ್ಪ ಹೊತ್ತು ಹಿಡಿಯಬಹುದು. ಕಾಣಲಿಲ್ಲ ಅಂತ ಮತ್ತೆ ಮತ್ತೆ ಬರೆಯಬೇಡಿ.

ಒಳ್ಳೆಯ ರಿವ್ಯೂಗಳಿಗೂ ಉತ್ತರಿಸಿ, ಆದರೆ ಎಲ್ಲಕ್ಕೂ ಒಂದೇ "ಧನ್ಯವಾದಗಳು, ಮತ್ತೆ ಬನ್ನಿ" ಅಂಟಿಸುವುದಾದರೆ ಬಿಡುವುದೇ ವಾಸಿ. "ಹಿಂದಿನ ಚಕ್ರದ ವಾಲು ಹೋಯಿತಲ್ಲ, ಕಡ್ಡಿಗಳನ್ನು ಒಂದು ತಿಂಗಳು ಓಡಿಸಿದ ಮೇಲೆ ಒಮ್ಮೆ ಬಿಗಿ ನೋಡಿಸಿ" ಅಂತ ಒಂದು ಸಾಲು ಬರೆದರೆ, ಓದುವವರಿಗೆ ನೀವು ಆ ಕೆಲಸ ಮಾಡುತ್ತೀರಿ ಅನ್ನುವುದೂ ತಿಳಿಯುತ್ತದೆ.

ಸುಳ್ಳು ರಿವ್ಯೂ ಬಂದರೆ. "ಇದು ಸತ್ಯವಲ್ಲ" ಅಂತ ವರದಿ ಮಾಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅಂಗಡಿಗೂ ಗಿರಾಕಿಗೂ ನಡುವಿನ ಜಗಳದಲ್ಲಿ ಯಾರು ಸರಿ ಅಂತ ಗೂಗಲ್ ತೀರ್ಪು ಕೊಡುವುದಿಲ್ಲ. ಅದು ನೋಡುವುದು ನಿಯಮ ಮುರಿದಿದೆಯಾ ಅಂತ ಮಾತ್ರ: ಬೈಗುಳ, ಸಂಬಂಧವಿಲ್ಲದ ವಿಷಯ, ನಕಲಿ ಖಾತೆಗಳ ರಾಶಿ, ಪೈಪೋಟಿಯವರು ಅಥವಾ ಕೆಲಸ ಬಿಟ್ಟವರು ಬರೆದದ್ದು. ವರದಿ ಮಾಡುವಾಗ ಸರಿಯಾದ ಕಾರಣ ಆರಿಸಿ. ನಿರ್ಧಾರಕ್ಕೆ ಹಲವು ದಿನ ಆಗಬಹುದು. ತೆಗೆಯುವುದಿಲ್ಲ ಅಂತ ಬಂದರೆ ಒಂದು ಸಲ ಮೇಲ್ಮನವಿ ಹಾಕಬಹುದು. ಅದನ್ನು ಅವಸರದಲ್ಲಿ ಖರ್ಚು ಮಾಡಬೇಡಿ. ಆವರೆಗೆ ಸಮಾಧಾನದ ಒಂದು ಉತ್ತರ ಇರಲಿ: "ನಿಮ್ಮ ವಿವರಕ್ಕೆ ಹೊಂದುವ ಕೆಲಸ ನಮ್ಮ ಪುಸ್ತಕದಲ್ಲಿ ಸಿಗಲಿಲ್ಲ. ಯಾವ ದಿನ ಬಂದಿದ್ದಿರಿ ಅಂತ ಅಂಗಡಿಯ ನಂಬರಿಗೆ ತಿಳಿಸಿದರೆ ನೋಡುತ್ತೇವೆ." ಒಂದೇ ದಿನ ಒಂದಷ್ಟು ಒಂದು ಸ್ಟಾರ್ ಬಂದು, ತೆಗೆಯಲು ಹಣ ಕೊಡಿ ಅಂತ ಸಂದೇಶ ಬಂದರೆ, ಹಣ ಕೊಡಬೇಡಿ. ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ವರದಿ ಮಾಡಿ.

ರಿವ್ಯೂ ಕೇಳುವುದು. ಕೇಳಬಹುದು. ಪ್ರೊಫೈಲಿನಲ್ಲೇ ರಿವ್ಯೂ ಲಿಂಕ್ ಮತ್ತು ಕ್ಯುಆರ್ ಕೋಡ್ ಸಿಗುತ್ತದೆ, ಗಲ್ಲಾ ಹತ್ತಿರ ಅಂಟಿಸಬಹುದು. ಆದರೆ ರಿವ್ಯೂಗೆ ಬದಲಾಗಿ ರಿಯಾಯಿತಿ, ಉಡುಗೊರೆ ಕೊಡುವಂತಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದು, ಸಿಟ್ಟಾದವರನ್ನು ತಡೆಯುವುದೂ ನಿಯಮಕ್ಕೆ ವಿರುದ್ಧ. ಮನೆಯವರಿಂದ, ಕೆಲಸದವರಿಂದ ಬರೆಸಿದರೆ ಅವು ಅಳಿಸಿಹೋಗುವುದು ಮಾತ್ರವಲ್ಲ, ಪ್ರೊಫೈಲಿನ ಮೇಲೆ ನಿರ್ಬಂಧವೂ ಬರಬಹುದು.

## ಹಂತ 8: ತುಂಬಿದ ಮೇಲೆ ಪರೀಕ್ಷೆ

ಮಾಲೀಕರ ಖಾತೆಯಿಂದ ನೋಡಿದರೆ ಸಾಲದು. ಅಲ್ಲಿ ಪರಿಶೀಲನೆಯಲ್ಲಿರುವ ಬದಲಾವಣೆಯೂ ಕಾಣುತ್ತದೆ. ಬೇರೆಯವರ ಫೋನಿನಲ್ಲಿ, ಅಥವಾ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಅಂಗಡಿಯ ಹೆಸರು ಹುಡುಕಿ. ಒಂದು ಸಲ ಮಧ್ಯಾಹ್ನ 2ಕ್ಕೆ ನೋಡಿ, ಮುಚ್ಚಿದೆ ಅಂತ ಬರುತ್ತಿದೆಯಾ? ಮಂಗಳವಾರ ನೋಡಿ. ನಂಬರ್ ಒತ್ತಿ, ಅಂಗಡಿಯ ಫೋನ್ ರಿಂಗ್ ಆಗುತ್ತದಾ? ದಾರಿ ತೋರಿಸು ಅಂತ ಒತ್ತಿ, ಗೆರೆ ನಿಮ್ಮ ಬಾಗಿಲಲ್ಲೇ ನಿಲ್ಲುತ್ತದಾ?

ಬದಲಾವಣೆ ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಕಾಣುತ್ತದೆ, ಆದರೆ ಪರಿಶೀಲನೆಗೆ 30 ದಿನದವರೆಗೂ ಹೋಗಬಹುದು. ಹೆಸರು, ವಿಳಾಸ ಬದಲಿಸಿದರೆ ಮತ್ತೆ ವೆರಿಫಿಕೇಶನ್ ಕೇಳಬಹುದು. ಹಾಗಾಗಿ ಎಲ್ಲವನ್ನೂ ಒಂದೇ ದಿನ ಕಲಕಬೇಡಿ. ಬೋರ್ಡ್ ಬದಲಿಸಿದ್ದರೆ ಮೊದಲು ಹೊಸ ಬೋರ್ಡಿನ ಫೋಟೋ ಹಾಕಿ, ಆಮೇಲೆ ಹೆಸರು ತಿದ್ದಿ.

ಹುಡುಕಾಟದಲ್ಲಿ ಮೇಲೆ ಬರುವ ವಿಷಯಕ್ಕೆ ಬಂದರೆ, ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೆ ನಿಮ್ಮ ಅಂಗಡಿ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರ, ಎಷ್ಟು ಹೆಸರುವಾಸಿ. ದೂರವನ್ನು ನೀವು ಬದಲಿಸಲಾರಿರಿ. ಪಕ್ಕದ ಬಡಾವಣೆಯಿಂದ ಹುಡುಕಿದಾಗ ಕೆಳಗೆ ಬಂದರೆ ಪ್ರೊಫೈಲ್ ಕೆಟ್ಟಿದೆ ಅಂತ ಅರ್ಥವಲ್ಲ.

ಇನ್ನು ನಿಂತು ಗಮನಿಸಬೇಕಾದ ಸೂಚನೆಗಳು. "Suggest an edit" ಒತ್ತಿ ನಿಮ್ಮ ವೇಳೆ, ನಂಬರ್, ಹೆಸರು ಬದಲಿಸಲು ಯಾರು ಬೇಕಾದರೂ ಸಲಹೆ ಕೊಡಬಹುದು. ಗೂಗಲ್ ಅದನ್ನು ಒಪ್ಪಿಯೂ ಬಿಡಬಹುದು. ಪ್ರೊಫೈಲ್ ತೆರೆದಾಗ ನೀವು ಮಾಡದ ಬದಲಾವಣೆ ಬೇರೆ ಬಣ್ಣದಲ್ಲಿ ಕಂಡರೆ ಅದನ್ನು ಓದಿ, ಒಪ್ಪಿ ಅಥವಾ ತಳ್ಳಿಹಾಕಿ. ಫೋನ್ ಕರೆ ಇದ್ದಕ್ಕಿದ್ದಂತೆ ನಿಂತರೆ ಮೊದಲು ನೋಡಬೇಕಾದದ್ದು ನಂಬರ್ ಯಾರಾದರೂ ಬದಲಿಸಿದ್ದಾರಾ ಅಂತ. "ಮುಚ್ಚಿದೆಯಾ?" ಅಂತ ಕೇಳುವ ಕರೆ ಜಾಸ್ತಿಯಾದರೆ ವೇಳೆ ನೋಡಿ. ಹೊಸ ಮ್ಯಾನೇಜರ್ ಸೇರಿದ್ದಾರೆ ಅಂತ ಇಮೇಲ್ ಬಂದು, ಸೇರಿಸಿದ್ದು ನೀವಲ್ಲ ಅಂದರೆ, ಅವತ್ತೇ ಅವರನ್ನು ತೆಗೆದು ಪಾಸ್‌ವರ್ಡ್ ಬದಲಿಸಿ.